ಕುರ್ತಾ ಉಲ್ಟಾ ಮಾಡಿ ನೋಡಿ: ಆ ಅರ್ಧ ಸೆಂಟಿಮೀಟರ್ ಬಟ್ಟೆ ಎಲ್ಲಿಗೆ ಹೋಯ್ತು?

ಹೋದ ತಿಂಗಳು ಗಾಂಧಿ ಬಜಾರಿನಲ್ಲಿ ಆಟೋ ಹತ್ತುವಾಗ ನನ್ನ ಕುರ್ತಾ ಸೊಂಟದ ಹತ್ತಿರ ಬಿಟ್ಟುಕೊಂಡಿತು. ಆನ್‌ಲೈನಲ್ಲಿ ತರಿಸಿದ್ದ ರೇಯಾನ್ ಕುರ್ತಾ, ನಾಲ್ಕನೇ ಒಗೆತಕ್ಕೇ ಈ ಗತಿ. ದುಪಟ್ಟಾ ಅಡ್ಡ ಹಿಡ್ಕೊಂಡು ಚಾಮರಾಜಪೇಟೆಯ ಮನೆಗೆ ಬಂದೆ. ಅಮ್ಮ ಸುಮಾರು ಇಪ್ಪತ್ತು ವರ್ಷದಿಂದ ಮನೆಯಲ್ಲೇ ಸೀರೆಗೆ ಫಾಲ್, ಪಿಕೊ, ಕುಚ್ಚು ಹಾಕ್ತಾಳೆ, ಬ್ಲೌಸ್ ಹೊಲೀತಾಳೆ. "ದಾರ ಹೋಗಿದೆ, ಒಂದು ಹೊಲಿಗೆ ಹಾಕಿಕೊಡಮ್ಮ" ಅಂದೆ. ಅವಳು ಕುರ್ತಾನ ಉಲ್ಟಾ ಮಾಡಿ ಬೆಳಕಿಗೆ ಹಿಡಿದು ನೋಡಿ, "ದಾರ ಎಲ್ಲೇ ಹೋಗಿದೆ? ದಾರ ಗಟ್ಟಿಯಾಗೇ ಇದೆ. ಬಟ್ಟೇನೇ ಜಾರಿ ಈಚೆ ಬಂದಿದೆ" ಅಂದಳು.

ಹೊಲಿಗೆ ಬಿಟ್ಟುಕೊಂಡಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ದಾರ ತುಂಡಾಗಿದ್ದರೆ ಅದು ದಾರದ ದೋಷ, ಅಥವಾ ಬಟ್ಟೆ ಮೈಗೆ ಬಿಗಿಯಾಗಿತ್ತು. ಅದೇ ಜಾಗದಲ್ಲಿ ಮತ್ತೆ ಹೊಲಿದರೆ ಸರಿಹೋಗುತ್ತೆ. ಆದರೆ ಹೊಲಿಗೆಯ ದಾರ ಒಂದು ಕಡೆ ಸರಪಳಿ ಥರ ಹಾಗೇ ಇದ್ದು, ಬಟ್ಟೆಯ ಎಳೆಗಳು ಅದರೊಳಗಿಂದ ನುಣುಚಿಕೊಂಡು ಬಂದಿದ್ದರೆ, ಆ ಅಂಚಿನಲ್ಲಿ ದಾರ ಹಿಡಿದುಕೊಳ್ಳುವಷ್ಟು ಬಟ್ಟೆಯೇ ಇರಲಿಲ್ಲ ಅಂತ ಅರ್ಥ. ನನ್ನ ಕುರ್ತಾದಲ್ಲಿ ಆಗಿದ್ದು ಎರಡನೆಯದು. ಅಮ್ಮ ಟೇಪ್ ಇಟ್ಟು ಅಳೆದಳು. ಹೊಲಿಗೆಯಿಂದ ಆಚೆ ಉಳಿದಿದ್ದ ಬಟ್ಟೆ ಬರೀ 5 ಮಿಲಿಮೀಟರ್.

ಆ ಅಂಚಿನ ಮೇಲೆ ಇದ್ದಿದ್ದು ಓವರ್‌ಲಾಕ್. ನೀವು ಹಾಕಿಕೊಂಡಿರುವ ಟೀ ಶರ್ಟಿನ ಒಳಗೆ ನೋಡಿದರೂ ಸಿಗುತ್ತೆ. ಬಟ್ಟೆಯ ತುದಿಯನ್ನ ಸುತ್ತಿಕೊಂಡಿರುವ ಹೆಣೆದಂಥ ಪಟ್ಟಿ ಅದು. ಮೂರು ದಾರದ ಓವರ್‌ಲಾಕ್ ಅಂದರೆ ಒಂದು ಸೂಜಿ, ಜೊತೆಗೆ ಬಟ್ಟೆಯ ಮೇಲೊಂದು ಕೆಳಗೊಂದು ಓಡಾಡುವ ಎರಡು ಕೊಕ್ಕೆ, ಅದನ್ನ ಲೂಪರ್ ಅಂತಾರೆ. ಸೂಜಿಯ ಮುಂದೆ ಒಂದು ಚಾಕು ಇರುತ್ತೆ. ಅದು ಅಂಚನ್ನ ಸಮವಾಗಿ ಕತ್ತರಿಸುತ್ತಾ ಹೋಗುತ್ತೆ, ಹಿಂದೆಯೇ ದಾರ ಸುತ್ತಿಕೊಳ್ಳುತ್ತೆ. ಕತ್ತರಿಸೋದು, ಜೋಡಿಸೋದು, ಎಳೆ ಬಿಚ್ಚದಂತೆ ಕಟ್ಟೋದು, ಮೂರೂ ಕೆಲಸ ಒಂದೇ ಓಟದಲ್ಲಿ, ನಿಮಿಷಕ್ಕೆ ಆರು ಸಾವಿರದಷ್ಟು ಹೊಲಿಗೆಯ ವೇಗದಲ್ಲಿ. ಅಮೆರಿಕದ ಕನೆಕ್ಟಿಕಟ್‌ನ ಮೆರೋ ಕುಟುಂಬದವರು 19ನೇ ಶತಮಾನದ ಕೊನೆಯಲ್ಲಿ ಈ ಮಿಷಿನ್ ತಂದರು. ಅದಿಲ್ಲದೆ ಇವತ್ತಿನ ಅಗ್ಗದ ರೆಡಿಮೇಡ್ ಇಲ್ಲ.

ಓವರ್‌ಲಾಕ್ ಕಂಡ ತಕ್ಷಣ "ಕಳಪೆ" ಅನ್ನಬೇಡಿ. ಟೀ ಶರ್ಟಿನ ಬಟ್ಟೆ ಹಿಗ್ಗುತ್ತೆ, ಓವರ್‌ಲಾಕೂ ಅದರ ಜೊತೆ ಹಿಗ್ಗುತ್ತೆ. ಅಲ್ಲಿ ಮಾಮೂಲಿ ಹೊಲಿಗೆ ಹಾಕಿದರೆ ತಲೆ ತೂರಿಸುವಾಗಲೇ ದಾರ ಪಟ್ಟಂತ ಕಿತ್ತುಹೋಗುತ್ತೆ. ತೊಂದರೆ ಇರೋದು ನೇಯ್ದ ಬಟ್ಟೆಯಲ್ಲಿ, ಅದರಲ್ಲೂ ರೇಯಾನ್, ಜಾರ್ಜೆಟ್‌ನಂಥ ಜಾರುವ ಎಳೆಯ ಬಟ್ಟೆಯಲ್ಲಿ. ಅಲ್ಲಿ ಮೂರು ದಾರದ ಓವರ್‌ಲಾಕ್ ಅಂಚು ಕಾಯಬಲ್ಲದು, ಆದರೆ ಎರಡು ತುಂಡುಗಳನ್ನ ಜೋಡಿಸಿ ಹಿಡಿಯುವ ಭಾರವನ್ನೂ ಅದರ ಮೇಲೇ ಹೊರಿಸಬಾರದು. ಜೋಡಿಸೋಕೆ ಒಳಗಡೆ ಇನ್ನೊಂದು ನೇರ ಹೊಲಿಗೆ ಬೇಕು. ಫ್ಯಾಕ್ಟರಿಗಳಲ್ಲಿ ಇದನ್ನೂ ಒಂದೇ ಓಟದಲ್ಲಿ ಮಾಡುವ ಐದು ದಾರದ ಮಿಷಿನ್ ಇದೆ. ಬಟ್ಟೆ ಉಲ್ಟಾ ಮಾಡಿದಾಗ ಅಂಚಿನ ಪಟ್ಟಿಯಿಂದ ಸ್ವಲ್ಪ ಒಳಗೆ ಪ್ರತ್ಯೇಕವಾಗಿ ಇನ್ನೊಂದು ಗೆರೆ ಓಡಿದ್ದರೆ ಭಾರ ಹೊರೋದು ಆ ಗೆರೆ. ಬರೀ ಪಟ್ಟಿ ಇದ್ದು ಗೆರೆ ಇಲ್ಲದಿದ್ದರೆ ನನ್ನ ಕುರ್ತಾ ನೆನಪಿಸಿಕೊಳ್ಳಿ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಹೊಲಿಗೆಯ ಎರಡೂ ಬದಿ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಹೊರಮೈಯಲ್ಲಿ ದಾರಗಳು ಏಣಿಯ ಮೆಟ್ಟಿಲಿನ ಹಾಗೆ ಕಂಡರೆ ಅದು ಬಿಟ್ಟುಕೊಳ್ಳೋಕೆ ಕಾಯುತ್ತಾ ಇದೆ.

ಇನ್ನು ರಿಪೇರಿ. ಬಿಟ್ಟುಕೊಂಡ ಅಂಚಿನ ಎಳೆಗಳು ಪೂರ್ತಿ ಸಡಿಲವಾಗಿದ್ದರಿಂದ ಗಟ್ಟಿ ಬಟ್ಟೆ ಸಿಗುವವರೆಗೆ ಒಳಗೆ ಹೋಗಿ ಹೊಲಿಯಬೇಕು. ಅಂದರೆ ಹಳೇ ಹೊಲಿಗೆಯಿಂದ 8 ಮಿಲಿಮೀಟರ್ ಒಳಕ್ಕೆ. ಕೇಳೋಕೆ ಏನೂ ಅಲ್ಲ. ಆದರೆ ಕುರ್ತಾಗೆ ಪಕ್ಕದ ಹೊಲಿಗೆ ಎರಡು, ಒಂದೊಂದರಲ್ಲೂ ಮುಂದಿನ ತುಂಡು, ಹಿಂದಿನ ತುಂಡು. ನಾಲ್ಕು ಎಂಟಲ 32. ಸುತ್ತಳತೆ ಮೂರು ಸೆಂಟಿಮೀಟರಿಗಿಂತ ಜಾಸ್ತಿ ಕಮ್ಮಿಯಾಯ್ತು. ಕುರ್ತಾ ಗಟ್ಟಿಯಾಯ್ತು, ನನಗೆ ಮಾತ್ರ ಹತ್ತಲಿಲ್ಲ.

ಆಗ ಅಮ್ಮ ಬೀರುವಿನಿಂದ ತನ್ನ ಒಂದು ಹಳೇ ಬ್ಲೌಸ್ ತೆಗೆದಳು. ನಾನು ಹುಟ್ಟೋಕೆ ಮುಂಚೆ ಹೊಲಿಸಿದ್ದು. ಒಳಗೆ ಪಕ್ಕದಲ್ಲಿ ಒಂದು ಇಂಚಿಗಿಂತ ಜಾಸ್ತಿ ಬಟ್ಟೆ ಮಡಚಿಬಿಟ್ಟಿದೆ, ಅದರ ಮೇಲೆ ಸಾಲಾಗಿ ಮೂರು ಹೊಲಿಗೆಯ ಗುರುತು. ಬಸುರಿಯಾಗಿದ್ದಾಗ ಒಂದು ಬಿಚ್ಚಿದಳು, ಆಮೇಲೆ ಇನ್ನೊಂದು. ನಮ್ಮ ಟೈಲರ್‌ಗಳು ಇದನ್ನ ಮಾರ್ಜಿನ್ ಅಂತಾರೆ. ಬಸವನಗುಡಿ, ಮಲ್ಲೇಶ್ವರದ ಯಾವ ಬ್ಲೌಸ್ ಟೈಲರ್ ಹತ್ತಿರ ಹೋದರೂ ಕೇಳುವ ಮಾತು "ಮಾರ್ಜಿನ್ ಎಷ್ಟು ಬಿಡ್ಲಿ ಮೇಡಂ?" ಒಳಗಿನ ಅಂಚು ನೋಡೋಕೆ ಚೆಂದ ಇರಲ್ಲ, ಕೆಲವೊಮ್ಮೆ ಬರೀ ಜಿಗ್‌ಜಾಗ್ ಹೊಡೆದಿರ್ತಾರೆ. ಆದರೆ ಆ ಬಟ್ಟೆ ಮೈ ಬದಲಾಗುತ್ತೆ ಅಂತ ಒಪ್ಪಿಕೊಂಡು ಹೊಲಿದದ್ದು.

ಹೀಗೆ ಯೋಚಿಸಿದರೆ, ಚೆಂದದ ಅಂಚೇ ಒಳ್ಳೇ ಹೊಲಿಗೆ ಅನ್ನೋ ಮಾತೂ ಪೂರ್ತಿ ನಿಜ ಅಲ್ಲ. ಬಟ್ಟೆಯ ಅಂಚನ್ನ ಹೊಲಿಗೆಯ ಒಳಗೇ ಮುಚ್ಚಿಬಿಡುವ ಕ್ರಮಗಳಿವೆ. ಅದರಲ್ಲಿ ನಾಜೂಕಾದದ್ದು ಫ್ರೆಂಚ್ ಸೀಮ್. ಎರಡು ತುಂಡುಗಳ ಒಳಮೈ ಒಂದಕ್ಕೊಂದು ತಾಗುವ ಹಾಗೆ ಇಟ್ಟು, ಅಂದರೆ ನಾವು ಮಾಮೂಲಾಗಿ ಇಡೋದಕ್ಕೆ ಉಲ್ಟಾ, ಅಂಚಿಂದ 6 ಮಿಲಿಮೀಟರ್ ಬಿಟ್ಟು ಹೊಲೀಬೇಕು. ಆಚೆಯ ಬಟ್ಟೆಯನ್ನ 3 ಮಿಲಿಮೀಟರಿಗೆ ಕತ್ತರಿಸಿ, ತಿರುವಿ, ಇಸ್ತ್ರಿ ಹಾಕಿ, ಮತ್ತೆ 6 ಮಿಲಿಮೀಟರ್ ಬಿಟ್ಟು ಹೊಲೀಬೇಕು. ಮೊದಲಿನ ಅಂಚು ಎರಡನೇ ಹೊಲಿಗೆಯ ಒಳಗೆ ಸಮಾಧಿ. ಕತ್ತರಿಸೋದರಲ್ಲಿ ಸೋಮಾರಿತನ ಮಾಡಿದರೆ ಹೊರಮೈಯಲ್ಲಿ ಎಳೆಗಳು ಮೀಸೆ ಥರ ಇಣುಕುತ್ತವೆ. ತೆಳು ಹತ್ತಿಗೆ, ರೇಷ್ಮೆಗೆ ಇದು ಸರಿ. ದಪ್ಪ ಬಟ್ಟೆಗೆ ಹಗ್ಗದಂತಾಗುತ್ತೆ, ಕಂಕುಳಿನ ತಿರುವಿನಲ್ಲಿ ಸುಕ್ಕು ಬೀಳುತ್ತೆ. ಅದರ ದೊಡ್ಡ ಮಿತಿ ಅಂದ್ರೆ, ಬಿಚ್ಚಿ ಅಗಲ ಮಾಡೋಕೆ ಒಳಗೆ ಹೆಚ್ಚು ಬಟ್ಟೆ ಉಳಿದಿರಲ್ಲ.

ಇನ್ನೊಂದು ಕ್ರಮ ನಿಮ್ಮ ಜೀನ್ಸ್ ಕಾಲಿನಲ್ಲಿ, ಒಳ್ಳೇ ಫಾರ್ಮಲ್ ಶರ್ಟಿನ ಪಕ್ಕದಲ್ಲಿ ಇರುತ್ತೆ. ಎರಡು ಅಂಚುಗಳು ಬೆರಳುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಹಾಗೆ ಮಡಚಿ, ಮೇಲೆ ಎರಡು ಸಮಾನಾಂತರ ಗೆರೆ ಹೊಲಿದಿರುತ್ತಾರೆ. ನಾಲ್ಕು ಪದರ ಬಟ್ಟೆ ಒಟ್ಟಿಗೆ ಭಾರ ಹೊರುತ್ತೆ. ತೋಳಿನಂಥ ಉದ್ದ ಕೊಳವೆಯ ಸುತ್ತ ಬಟ್ಟೆ ಸರಿಯುವ ವಿಶೇಷ ಮಿಷಿನ್ನು ಇದನ್ನ ಹೊಲಿಯುತ್ತೆ. ನಡೆಸೋಳಿಗೆ ಕೈ ಪಳಗಿರಬೇಕು, ಮಡಿಕೆ ಒಂದು ಕಡೆ ತಪ್ಪಿದರೆ ಅಲ್ಲಿ ಒಂದು ಬಾಯಿ ತೆರೆದುಕೊಳ್ಳುತ್ತೆ. ಶರ್ಟ್ ಕೊಳ್ಳುವಾಗ ಪಕ್ಕದ ಹೊಲಿಗೆಯ ಉದ್ದಕ್ಕೂ ಬೆರಳು ಆಡಿಸಿದರೆ ಈ ಬಾಯಿ ಸಿಗುತ್ತೆ.

ಕೆಳಗಿನ ಅಂಚಿಗೂ ಇದೇ ಲೆಕ್ಕ. ಸೀರೆಗೆ ಉದ್ದದ ಎರಡು ಬದಿ ಮಗ್ಗದಲ್ಲೇ ಮುಗಿದಿರುತ್ತೆ. ಎಳೆ ಬಿಚ್ಚೋದು ಕತ್ತರಿಸಿದ ಎರಡು ತುದಿ ಮಾತ್ರ. ಪಿಕೊ ಅಂದರೆ ಆ ತುದಿಯನ್ನ ಸಣ್ಣಗೆ ಸುರುಳಿ ಮಾಡಿ ಒತ್ತೊತ್ತಾಗಿ ದಾರ ಸುತ್ತೋದು. ಮಿಷಿನ್ನು ಸುರುಳಿಯ ಒಳಗೆ ಸಾಕಷ್ಟು ಎಳೆ ಹಿಡಿಯದಿದ್ದರೆ, ಒರಟು ನೇಯ್ಗೆಯ ಸೀರೆಯಲ್ಲಿ ಆ ಇಡೀ ಅಂಚು ಕಟ್ಟು ಬಿಚ್ಚಿದ ಹುರಿ ಥರ ಕಳಚಿ ಬರುತ್ತೆ. ಅಂಥದ್ದಕ್ಕೆ ಅಮ್ಮ ಪಿಕೊ ಹಾಕಲ್ಲ, ಎರಡು ಸಲ ಮಡಚಿ ಕೈಯಲ್ಲೇ ಹೆಮ್ಮಿಂಗ್ ಮಾಡ್ತಾಳೆ. ಅದಕ್ಕೆ ಒಂದು ಸಂಜೆ ಬೇಕು, ಗಿರಾಕಿಗಳು ಕೊಡೋದು ಪಿಕೊ ರೇಟೇ.

ಈಗ ಆ ಅರ್ಧ ಸೆಂಟಿಮೀಟರಿಗೆ ಬರೋಣ. ನನ್ನ ಕುರ್ತಾದ ಅಂಚಿನಲ್ಲಿ 5 ಮಿಲಿಮೀಟರ್ ಬದಲು 10 ಬಿಟ್ಟಿದ್ದರೆ ಏನು ಖರ್ಚಾಗ್ತಿತ್ತು? ನಾಲ್ಕು ಅಂಚಿಗೆ ಸೇರಿ ಎರಡು ಸೆಂಟಿಮೀಟರ್ ಅಗಲ, ಸುಮಾರು ಒಂದು ಮೀಟರ್ ಚಿಲ್ಲರೆ ಉದ್ದ. ಒಂದು ಕುರ್ತಾಗೆ ಒಂದು ರಿಬ್ಬನ್ನಿನಷ್ಟು. ಹತ್ತು ಸಾವಿರ ಕುರ್ತಾಗೆ ಲೆಕ್ಕ ಹಾಕಿದರೆ 44 ಇಂಚು ಪನ್ನದ ಬಟ್ಟೆ ಸುಮಾರು 200 ಮೀಟರ್. ಒಳಗೊಂದು ನೇರ ಹೊಲಿಗೆ ಹಾಕೋ ಸಮಯ ಬೇರೆ. ಕೊಳ್ಳುವವರು ಹೊರಗಿನ ಪ್ರಿಂಟ್ ನೋಡ್ತಾರೆ, ಒಳಗೆ ನೋಡಲ್ಲ. ಹಾಗಾಗಿ ಮೊದಲು ಉಳಿತಾಯ ಆಗೋದು ಅಲ್ಲೇ.

ಈ ತೀರ್ಮಾನ ಹೊಲಿಯುವವಳದ್ದಲ್ಲ. ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳ ಮುಂದೆ ಬರುವ ಹೊತ್ತಿಗೆ ಬಟ್ಟೆ ಕಟಿಂಗ್ ಆಗಿರುತ್ತೆ. ಎಷ್ಟು ಮಾರ್ಜಿನ್, ಯಾವ ಮಿಷಿನ್, ಇಂಚಿಗೆ ಎಷ್ಟು ಹೊಲಿಗೆ ಅನ್ನೋದನ್ನ ಬ್ರ್ಯಾಂಡಿನವರು ಕಾಗದದಲ್ಲಿ ಬರೆದು ಕಳಿಸಿರ್ತಾರೆ. ಪ್ರತಿ ಹೊಲಿಗೆಗೂ ನಿಮಿಷದ ಲೆಕ್ಕ ಕಟ್ಟಿ, ಅದರಿಂದ ಗಂಟೆಯ ಟಾರ್ಗೆಟ್ ಮಾಡ್ತಾರೆ. ಅವಳಿಗೆ ಫ್ರೆಂಚ್ ಸೀಮ್ ಹೊಲಿಯೋಕೆ ಬರಲ್ಲ ಅಂತಲ್ಲ, ಅದಕ್ಕೆ ನಿಮಿಷ ಕೊಟ್ಟಿರಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯೋಕೆ ಕೇಂದ್ರ ಸರ್ಕಾರ ತಂದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಿಳಿದು, ಅದನ್ನ ವಾಪಸ್ ತೆಗೆಸಿದ್ದು ಇದೇ ಹೆಣ್ಣುಮಕ್ಕಳು. ಮಾರ್ಜಿನ್ ಎಷ್ಟಿರಬೇಕು ಅಂತ ಮಾತ್ರ ಅವರನ್ನ ಯಾರೂ ಕೇಳಲ್ಲ.

ಮಲ್ಲೇಶ್ವರದ 8ನೇ ಕ್ರಾಸ್ ಕಡೆ ಹೋದಾಗ ಈಗ ನಾನು ಬಟ್ಟೆ ಉಲ್ಟಾ ಮಾಡಿಯೇ ನೋಡ್ತೀನಿ. ಅಂಗಡಿಯವರು ಮೊದಮೊದಲು ಮುಖ ಸಿಂಡರಿಸ್ತಿದ್ದರು. ಮೊನ್ನೆ ಒಬ್ಬರು ತಾವೇ ಒಂದು ಎಕ್ಸ್‌ಪೋರ್ಟ್ ಸರ್‌ಪ್ಲಸ್ ಶರ್ಟ್ ತಿರುವಿ ಹಿಡಿದು, "ಇದು ನೋಡಿ, ಒಳಗೆ ಎರಡು ಗೆರೆ, ಹೋಗೋ ಮಾಲಲ್ಲ" ಅಂದರು. ಬೆರಳು ಆಡಿಸಿದೆ. ಕಂಕುಳಿನ ಹತ್ತಿರ ಒಂದು ಕಡೆ ಮಡಿಕೆ ತಪ್ಪಿತ್ತು. ಬಹುಶಃ ಅದಕ್ಕೇ ಅದು ಹಡಗು ಹತ್ತದೆ ಇಲ್ಲೇ ಉಳಿದಿತ್ತು. ತೋರಿಸಿ ಐವತ್ತು ರೂಪಾಯಿ ಕಮ್ಮಿ ಮಾಡಿಸಿ ತಂದೆ. ಅಮ್ಮ ಎರಡು ನಿಮಿಷದಲ್ಲಿ ಆ ಬಾಯಿ ಮುಚ್ಚಿದಳು. ರೇಯಾನ್ ಕುರ್ತಾ ಈಗ ನನ್ನ ಚಿಕ್ಕಮ್ಮನ ಮಗಳ ಹತ್ತಿರ ಇದೆ, ಅವಳು ನನಗಿಂತ ಸಣ್ಣ.