ಮದುವೆ ಮುಗಿದ ಮೇಲಿನ ಒಕ್ಕಣೆ

"ನಮ್ಮ ವಿವಾಹ ಮಹೋತ್ಸವಕ್ಕೆ ಆಗಮಿಸಿ ಹರಸಿ ಹಾರೈಸಿದ ಎಲ್ಲ ಬಂಧು ಮಿತ್ರರಿಗೂ, ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಸರ್ವರಿಗೂ ಹೃತ್ಪೂರ್ವಕ ಧನ್ಯವಾದಗಳು."

ಮದುವೆಯಾದ ವಾರದೊಳಗೆ ಫೇಸ್‌ಬುಕ್ಕಿನಲ್ಲೋ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲೋ ಕಾಣುವ ಈ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಬರೆದವರ ಮನಸ್ಸಿನಲ್ಲಿ ಕೃತಜ್ಞತೆಯೂ ಇರುತ್ತದೆ. ಆದರೆ ಈ ಒಕ್ಕಣೆ ಬಂದದ್ದು ಲಗ್ನಪತ್ರಿಕೆಯಿಂದ. ಲಗ್ನಪತ್ರಿಕೆ ನೂರಾರು ಮನೆಗಳಿಗೆ ಒಂದೇ ಮಾತಿನಲ್ಲಿ ಹೋಗಬೇಕು. ಅದನ್ನು ಅಚ್ಚು ಹಾಕಿಸುವಾಗ ಇನ್ನೂ ಏನೂ ನಡೆದಿರುವುದಿಲ್ಲವಾದ್ದರಿಂದ ಅದು ಎಲ್ಲರಿಗೂ ಹೊಂದುವ ಹಾಗೆಯೇ ಇರಬೇಕು. ಧನ್ಯವಾದ ಹೇಳುವ ಹೊತ್ತಿಗೆ ಮದುವೆ ನಡೆದು ಹೋಗಿದೆ. ಯಾರು ಬಂದರು, ಯಾರು ಏನು ಮಾಡಿದರು ಎಂಬುದೆಲ್ಲ ಗೊತ್ತಿರುವಾಗಲೂ ಹಳೆಯ ಒಕ್ಕಣೆಯನ್ನೇ ಹಿಡಿದರೆ, ಓದುವವರಿಗೆ ತಾವು ಅಲ್ಲಿ ಇದ್ದದ್ದಕ್ಕೆ ಗುರುತೇ ಸಿಗುವುದಿಲ್ಲ.

ತಿಪಟೂರಿನ ಕಡೆಯ ಒಂದು ಮದುವೆಯನ್ನು ಕಲ್ಪಿಸಿಕೊಳ್ಳೋಣ. ಮೇ ತಿಂಗಳು. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ಸಂಜೆ ಏಳರ ಸುಮಾರಿಗೆ ಗುಡುಗು ಮಳೆ ಬಂದು ಛತ್ರದ ಕರೆಂಟು ಹೋಗುತ್ತದೆ. ಹುಡುಗನ ಕಡೆಯವರು ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಬಂದು ನಸುಕಿನಲ್ಲಿ ಇಳಿಯುತ್ತಾರೆ. ಮದುವೆ ಚೆನ್ನಾಗಿಯೇ ಆಗುತ್ತದೆ. ನಾಲ್ಕು ದಿನದ ಮೇಲೆ ಮದುಮಗಳು ಮೊಬೈಲು ಹಿಡಿದು, ಮೇಲಿನ ವಾಕ್ಯವನ್ನು ಬರೆದು, ಓದಿ, ಸಮಾಧಾನವಾಗದೆ ನಿಲ್ಲಿಸುತ್ತಾಳೆ.

ಇಂಥ ಹೊತ್ತಿನಲ್ಲಿ ಬಹಳ ಜನ ಮಾಡುವುದು ವಿಶೇಷಣಗಳನ್ನು ಸೇರಿಸುವ ಕೆಲಸ. "ನಿಮ್ಮ ಅಪಾರ ಪ್ರೀತಿ, ಅಮೂಲ್ಯ ಆಶೀರ್ವಾದದಿಂದ ನಮ್ಮ ಜೀವನದ ಅವಿಸ್ಮರಣೀಯ ಕ್ಷಣ ಇನ್ನಷ್ಟು ಸುಂದರವಾಯಿತು" ಎಂದು ಎರಡನೆಯ ಕರಡು ಬರುತ್ತದೆ. ದನಿ ಏರಿತು, ಸುದ್ದಿ ಮಾತ್ರ ಸೇರಲಿಲ್ಲ. ಇದನ್ನು ಪರೀಕ್ಷಿಸುವುದು ಸುಲಭ. ಕೆಳಗಿನ ಹೆಸರು ಮುಚ್ಚಿ, ಇದೇ ಬರಹವನ್ನು ಹೋದ ವಾರ ಮದುವೆಯಾದ ಗೆಳತಿಯ ಗೋಡೆಗೆ ಹಾಕಿದರೆ ಒಪ್ಪುತ್ತದೆಯೇ ಎಂದು ನೋಡಬೇಕು. ಒಪ್ಪಿದರೆ ಕರಡು ಇನ್ನೂ ಅಚ್ಚಿನಲ್ಲೇ ಇದೆ ಎಂದರ್ಥ.

ಬೇಕಾಗಿರುವುದು ಕ್ರಿಯಾಪದಗಳು: ಯಾರೋ ಕಾದರು, ಹೊತ್ತರು, ಬಡಿಸಿದರು, ನೆನೆದರು. ಇವನ್ನು ಹುಡುಕಲು ಹೊರಟರೆ ಒಂದು ತೊಡಕು ಎದುರಾಗುತ್ತದೆ. ಹಸೆಮಣೆಯ ಮೇಲೆ ಕೂತವರಿಗೆ ಛತ್ರದಲ್ಲಿ ನಡೆದದ್ದರ ಅರ್ಧವೂ ಕಾಣುವುದಿಲ್ಲ. ಹೊಗೆ, ಮಂತ್ರ, ಫೋಟೊಗ್ರಾಫರನ ಸೂಚನೆಗಳ ನಡುವೆ ಅವರ ಹೊತ್ತು ಕಳೆದಿರುತ್ತದೆ. ಆದ್ದರಿಂದ ಬರೆಯುವ ಮೊದಲು ಕೇಳಬೇಕು. ಕೇಳಲು ಯೋಗ್ಯರಾದವರು ಮುಖ್ಯವಾಗಿ ಇಬ್ಬರು: ಉಗ್ರಾಣದ ಬೀಗದ ಕೈ ಯಾರ ಸೆರಗಿನಲ್ಲಿತ್ತೋ ಅವರು, ಮುಯ್ಯಿ ಪುಸ್ತಕ ಬರೆದವರು. ಹಾಲು ಸಾಲದೆ ಬಂದಾಗ ಓಡಿದವರು ಯಾರೆಂದು ಮೊದಲನೆಯವರಿಗೆ ಗೊತ್ತು. ಸಾಲಿನಲ್ಲಿ ನಿಂತು ನಿಂತು ವೇದಿಕೆಗೆ ಬಾರದೆಯೇ ಮುಯ್ಯಿ ಕೊಟ್ಟು ಹೋದ ಅಜ್ಜಿ ಯಾರೆಂದು ಎರಡನೆಯವರಿಗೆ ಗೊತ್ತು. ಇದರ ಜೊತೆಗೆ ಫೋಟೊಗ್ರಾಫರನ ಬಳಿಯಿರುವ, ಯಾರೂ ನಿಂತು ತೆಗೆಸಿಕೊಳ್ಳದ ಚಿತ್ರಗಳನ್ನು ನೋಡಬೇಕು. ಅಡುಗೆಮನೆಯ ಬಾಗಿಲು, ಊಟದ ಪಂಕ್ತಿ, ಹೊರಗಿನ ಮಳೆ ಎಲ್ಲ ಸಿಗುವುದು ಅವುಗಳಲ್ಲೇ.

ನಮ್ಮ ತಿಪಟೂರಿನ ಮದುಮಗಳು ಹೀಗೆ ಕೇಳಿದಾಗ ಅವಳಿಗೆ ತಿಳಿದದ್ದು ಇಷ್ಟು. ತಾಂಬೂಲದ ಚೀಲಕ್ಕೆ ಬೇಕಾದ ಕಾಯಿಗಳನ್ನು ಸುಲಿದು ತುಂಬಿದ್ದು ಪಕ್ಕದ ಮನೆಯವರು. ನಸುಕಿನ ನಾಲ್ಕಕ್ಕೆ ಸ್ಟೇಷನ್ನಿಗೆ ಹೋಗಿ ಬೀಗರನ್ನು ಕರೆತಂದದ್ದು ಚಿಕ್ಕಪ್ಪ. ಕರೆಂಟು ಹೋದಾಗ ಜನರೇಟರ್ ಹೊತ್ತಿಕೊಳ್ಳುವ ತನಕ ಮೊಬೈಲಿನ ಬೆಳಕು ಹಿಡಿದು ಪಂಕ್ತಿಗೆ ಬಡಿಸಿದ್ದು ತಮ್ಮನ ಗೆಳೆಯರು. ಅವಳ ಮೂರನೆಯ ಕರಡು ಹೀಗಾಯಿತು:

"ಆರತಕ್ಷತೆಯ ಸಂಜೆ ನಿಮ್ಮಲ್ಲಿ ಬಹಳ ಜನ ಮಳೆಯಲ್ಲಿ ನೆನೆದುಕೊಂಡೇ ಬಂದಿರಿ. ಅಷ್ಟು ಹೊತ್ತು ಸಾಲಿನಲ್ಲಿ ನಿಂತು ಮೇಲೆ ಬಂದವರ ಜೊತೆ ಎರಡು ಮಾತಾಡಲೂ ನಮಗೆ ಆಗಲಿಲ್ಲ, ಆ ಬೇಸರ ಇನ್ನೂ ಇದೆ. ಕರೆಂಟು ಹೋದಾಗ ಮೊಬೈಲಿನ ಬೆಳಕಿನಲ್ಲಿ ಬಡಿಸಿದವರು, ನಸುಕಿನ ರೈಲಿಗೆ ಕಾದು ನಮ್ಮವರನ್ನು ಕರೆತಂದವರು, ಮೂರು ದಿನ ಕೂತು ತಾಂಬೂಲದ ಕಾಯಿ ಸುಲಿದವರು: ನಿಮ್ಮ ಕೆಲಸ ಹಸೆಮಣೆಯಿಂದ ನಮಗೆ ಕಾಣಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ಬರಲಾಗದೆ ಮನೆಯಿಂದಲೇ ಅಕ್ಷತೆ ಹಾಕಿದ ಹಿರಿಯರೇ, ನಾವೇ ಬಂದು ಕಾಲಿಗೆ ಬೀಳುತ್ತೇವೆ. ಎಲ್ಲರಿಗೂ ನಮಸ್ಕಾರ."

ಇದರಲ್ಲಿ ಒಬ್ಬರ ಹೆಸರೂ ಇಲ್ಲ ಎಂಬುದನ್ನು ಗಮನಿಸಬೇಕು, ಏಕೆಂದರೆ ಇಂಥ ಬರಹ ಹೆಚ್ಚಾಗಿ ಕೆಡುವುದು ಹೆಸರಿನಲ್ಲೇ. ಮೂವರು ಅತ್ತೆಯಂದಿರ ಹೆಸರು ಬರೆದು ನಾಲ್ಕನೆಯವರನ್ನು ಬಿಟ್ಟರೆ ಆ ಮಾತು ಮುಂದಿನ ಸೀಮಂತದವರೆಗೂ ಉಳಿಯುತ್ತದೆ. ಎಲ್ಲರನ್ನೂ ಸೇರಿಸಿದರೆ ಅದು ವಂದನಾರ್ಪಣೆಯ ಪಟ್ಟಿಯಾಗುತ್ತದೆ. ಕೆಲಸವನ್ನು ಹೇಳಿ ಹೆಸರನ್ನು ಬಿಟ್ಟರೆ, ಮಾಡಿದವರಿಗೆ ತಮ್ಮ ಗುರುತು ಸಿಗುತ್ತದೆ, ಬೇರೆಯವರಿಗೆ ನೋವಾಗುವುದಿಲ್ಲ. ಹೆಸರು ಹಿಡಿದು ಹೇಳಬೇಕಾದದ್ದಕ್ಕೆ ಫೋನು ಇದೆ. ಚಿಕ್ಕಪ್ಪನಿಗೆ ಕರೆ ಮಾಡಿ, "ಚಿಕ್ಕಪ್ಪ, ನೀವು ಆ ರಾತ್ರಿ ಮಲಗಲೇ ಇಲ್ಲವಂತೆ, ಅಮ್ಮ ಹೇಳಿದಳು" ಎಂದರೆ ಅವರಿಗೆ ತಲುಪುವುದು ಬರಹದ ಯಾವ ಸಾಲಿಗಿಂತಲೂ ಹೆಚ್ಚು. ಈ ಕರೆಗಳು ಬರಹಕ್ಕಿಂತ ಮೊದಲೇ ಆಗಬೇಕು. ಊರೆಲ್ಲ ಓದಿದ ಮೇಲೆ ಬರುವ ಕರೆ ನೆನಪಾಗಿ ಮಾಡಿದ ಹಾಗೆ ಕೇಳುತ್ತದೆ.

ಕರಡಿನಲ್ಲಿ ಮೊದಲು ಇನ್ನೊಂದು ಸಾಲಿತ್ತು. ಧಾರೆಯ ಹೊತ್ತಿಗೆ ಚಿಕ್ಕಪ್ಪ ಕುರ್ಚಿಯಲ್ಲೇ ನಿದ್ದೆ ಹೋಗಿದ್ದನ್ನು ಅವಳು ಪ್ರೀತಿಯಿಂದಲೇ ಬರೆದಿದ್ದಳು. ಮನೆಯವರ ನಡುವೆ ಅದು ಸೊಗಸಾದ ಮಾತು. ಬೀಗರೂ ಅವರ ಆಫೀಸಿನವರೂ ಓದುವ ಕಡೆ ಅದೇ ಮಾತು ಮುಜುಗರವಾಗಬಹುದೆಂದು ತೆಗೆದಳು. ಮುಯ್ಯಿಯ ಮೊತ್ತ, ಉಡುಗೊರೆಯ ಬೆಲೆ, ಬರಲಾಗದವರ ಕಾಯಿಲೆಯ ವಿವರ ಇವೂ ಇದೇ ಸಾಲಿಗೆ ಸೇರುತ್ತವೆ. ನಿಜವಾದದ್ದೆಲ್ಲ ಬಯಲಿನಲ್ಲಿ ಹೇಳುವಂಥದ್ದಲ್ಲ.

ಮೊದಲ ವಾಕ್ಯಕ್ಕೆ ವಿಶೇಷ ಗಮನ ಬೇಕು. ಇನ್‌ಸ್ಟಾಗ್ರಾಮಿನಲ್ಲಿ ಚಿತ್ರದ ಕೆಳಗೆ ಮೊದಲ ಸಾಲೆರಡು ಮಾತ್ರ ಕಂಡು ಉಳಿದದ್ದು ಮಡಚಿಕೊಳ್ಳುತ್ತದೆ. ಅಲ್ಲಿ "ನಮ್ಮ ವಿವಾಹ ಮಹೋತ್ಸವಕ್ಕೆ" ಎಂದಿದ್ದರೆ ಬೆರಳು ಮುಂದೆ ಸರಿಯುತ್ತದೆ, ಮಳೆ ಇದ್ದರೆ ಬಂದಿದ್ದವರು ನಿಲ್ಲುತ್ತಾರೆ. ವಾಟ್ಸ್‌ಆ್ಯಪ್ ಸ್ಟೇಟಸ್ 24 ಗಂಟೆಯಲ್ಲಿ ಅಳಿದು ಹೋಗುವುದರಿಂದ, ಹಿರಿಯರು ಇರುವ ಕುಟುಂಬದ ಗುಂಪಿಗೆ ಇದೇ ಬರಹವನ್ನು ಬೇರೆಯಾಗಿ ಕಳಿಸುವುದು ಒಳ್ಳೆಯದು. ಚಿತ್ರದ ವಿಷಯದಲ್ಲೂ ಹಾಗೆಯೇ: ವೇದಿಕೆಯ ಮೇಲಿನ ಜೋಡಿಯನ್ನು ಎಲ್ಲರೂ ಆಗಲೇ ನೋಡಿದ್ದಾರೆ. ತಿಪಟೂರಿನ ಹುಡುಗಿ ಆರಿಸಿದ್ದು ಮೊಬೈಲಿನ ಬೆಳಕಿನ ಪಂಕ್ತಿಯ ಚಿತ್ರವನ್ನು. ಸ್ವಲ್ಪ ಅಲುಗಾಡಿದ್ದರೂ ಬಡಿಸುತ್ತಿದ್ದ ಹುಡುಗರ ಮುಖ ಅದರಲ್ಲಿ ಗುರುತು ಹತ್ತುತ್ತಿತ್ತು. ಹಾಕುವ ಮೊದಲು ಆ ಹುಡುಗರನ್ನು ಒಂದು ಮಾತು ಕೇಳಿದಳು.