ಹಳೆಯ ಗಾಯ, ಹೊಸ ಸಂಶಯ

ಮಾಗಿದ ಗಾಯವೂ ಒತ್ತಿದರೆ ನೋಯುವುದುಂಟು. ಆದರೆ ಒತ್ತಿದವರೇ ಗಾಯ ಮಾಡಿದವರಾಗಿರಬೇಕೆಂದಿಲ್ಲ. ದಾಂಪತ್ಯದಲ್ಲಿಯೂ ಹೀಗೆಯೇ. ಬಾಲ್ಯದ ನೋವನ್ನೋ ಮುರಿದುಹೋದ ಪ್ರೇಮದ ಕಹಿಯನ್ನೋ ನಾವು ಅರಿಯದೆಯೇ ಇಂದಿನ ಸಂಗಾತಿಯ ಮೇಲೆ ಹೊರಿಸುತ್ತೇವೆ. ರೋಗಿಯು ಹಿಂದಿನವರ ಬಗೆಗಿನ ಭಾವನೆಗಳನ್ನು ವೈದ್ಯನತ್ತ ತಿರುಗಿಸುವುದನ್ನು ಸಿಗ್ಮಂಡ್ ಫ್ರಾಯ್ಡ್ 1905ರಲ್ಲಿ ಪ್ರಕಟಿಸಿದ ಒಂದು ರೋಗವೃತ್ತಾಂತದಲ್ಲಿ ವಿವರಿಸಿದನು. ಅದನ್ನು ಭಾವವರ್ಗಾವಣೆ ಎನ್ನಬಹುದು. ಅದು ಚಿಕಿತ್ಸಾಲಯಕ್ಕಷ್ಟೇ ಸೀಮಿತವಲ್ಲ.

ಇದನ್ನು ಪರೀಕ್ಷಿಸುವ ಬಗೆಯನ್ನು ಒಂದು ಕಲ್ಪಿತ ನಿದರ್ಶನದಿಂದ ನೋಡೋಣ. ಕರಾವಳಿಯ ಹಳ್ಳಿಯೊಂದರಲ್ಲಿ ಬೆಳೆದ ಹುಡುಗಿ. ತಂದೆ ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅವರ ಕಾಗದಗಳು ವಿರಳವಾಗುತ್ತ ಬಂದು ಒಂದು ವರ್ಷ ನಿಂತೇಹೋದವು. ಈಗ ಆಕೆ ಡೊಂಬಿವಲಿಯ ಗೃಹಿಣಿ. ಕೋಟೆ ವಿಭಾಗದ ಕಚೇರಿಯಿಂದ ಬಂದ ಪತಿ ಮಾತಿಲ್ಲದೆ ಕುಳಿತರೆ, "ಇವರಿಗೆ ನಾನು ಬೇಡವಾದೆ" ಎಂದು ಆಕೆಯ ಎದೆ ನಡುಗುತ್ತದೆ.

ಇಲ್ಲಿ ಎರಡು ಲಕ್ಷಣಗಳನ್ನು ಗಮನಿಸಬೇಕು. ಕಾರಣ ಸಣ್ಣದು, ಕಳವಳ ದೊಡ್ಡದು; ಮತ್ತು ವಿಚಾರಿಸುವ ಮೊದಲೇ ತೀರ್ಪು ಸಿದ್ಧವಾಗಿದೆ. ಇಂಥ ಹೊತ್ತಿನಲ್ಲಿ, "ಈ ಭಾವನೆ ಮೊದಲು ಬಂದದ್ದು ಎಂದು? ಯಾರ ಮುಂದೆ?" ಎಂದು ಕೇಳಿಕೊಳ್ಳಬೇಕು. ಉತ್ತರವಾಗಿ ಅಂಚೆಯವನನ್ನು ಕಾಯುತ್ತಿದ್ದ ಜಗಲಿ ನೆನಪಾದರೆ, ಹಳೆಯ ಗಾಯದ ಸುಳಿವು ಸಿಕ್ಕಿತು. ಆದರೆ ಸುಳಿವು ಸಾಕ್ಷ್ಯವಲ್ಲ.

ಸಾಕ್ಷ್ಯಕ್ಕಾಗಿ ಆಕೆ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಟ್ಟಳು. ಒಂದು ಕಡೆ ಕಣ್ಣಿಗೆ ಕಂಡದ್ದು ಮಾತ್ರ: "ಒಂಬತ್ತಕ್ಕೆ ಬಂದರು, ಮಾತನಾಡಲಿಲ್ಲ." ಪಕ್ಕದಲ್ಲಿ ತಾನು ಮಾಡಿಕೊಂಡ ಅರ್ಥ. ಅದರ ಮುಂದೆ ಬೇರೆ ಸಂಭವನೀಯ ಕಾರಣ. 14 ದಿನಗಳಲ್ಲಿ ಮೌನದ ಸಂಜೆಗಳು 6. ಅವುಗಳಲ್ಲಿ 5 ದಿನ ಆತ ಲೋಕಲ್ ಗಾಡಿಯಲ್ಲಿ ಒಂದು ಗಂಟೆಗೂ ಮಿಕ್ಕಿ ನಿಂತೇ ಬಂದಿದ್ದ. ಭಾನುವಾರಗಳಲ್ಲಿ ಮೌನವೇ ಇರಲಿಲ್ಲ.

ಉಳಿದ ಒಂದು ಸಂಜೆಯ ಬಗ್ಗೆ ಆಕೆ ಆರೋಪಿಸದೆ ಕೇಳಿದಳು: "ನೀವು ಸುಮ್ಮನಿದ್ದಾಗ ನನಗೆ ಅಪ್ಪನ ಕಾಗದ ಬಾರದ ದಿನಗಳು ನೆನಪಾಗುತ್ತವೆ. ಅಂದು ಏನಾಗಿತ್ತು?" ಕಚೇರಿಯಲ್ಲಿ ನೌಕರಿ ಕಡಿತದ ಸುದ್ದಿಯಿದ್ದು, ಆತ ಅದನ್ನು ಬಚ್ಚಿಟ್ಟಿದ್ದ. ಏನೋ ಮರೆಯಲ್ಲಿದೆ ಎಂಬ ಆಕೆಯ ಶಂಕೆ ನಿಜವಾಗಿತ್ತು. ತನ್ನನ್ನು ತೊರೆಯುವರೆಂಬ ಅರ್ಥ ಮಾತ್ರ ಹಳೆಯದು. ಪರೀಕ್ಷೆಯ ಉದ್ದೇಶ ಇವೆರಡನ್ನು ಬೇರ್ಪಡಿಸುವುದೇ.

ಒಂದು ಎಚ್ಚರಿಕೆ. ಪುಸ್ತಕದ ಮೊದಲ ಕಡೆಯಲ್ಲೇ ಹೊಡೆತ, ಅವಮಾನ, ಪದೇಪದೇ ಸಿಕ್ಕಿಬಿದ್ದ ಸುಳ್ಳು ಕಂಡುಬಂದರೆ, ಅದು ಬಾಲ್ಯದ ನೆರಳಲ್ಲ, ಇಂದಿನ ಸತ್ಯ. "ನಿನ್ನ ಹಳೆಯ ಗಾಯವೇ ಹೀಗೆ ಆಡಿಸುತ್ತಿದೆ" ಎಂದು ಸಂಗಾತಿಯ ಬಾಯಿ ಮುಚ್ಚಿಸಲು ಈ ವಿಚಾರವನ್ನು ಬಳಸಲೂಬಾರದು. ಬರೆದಷ್ಟೂ ಕಳವಳ ಹೆಚ್ಚಿದರೆ, ನಿದ್ರೆ ಕೆಟ್ಟರೆ, ಬರೆಯುವುದನ್ನು ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದು.