ಒಂದೇ ಸುತ್ತೋಲೆ, ಎರಡು ದನಿ

ಅಪಾರ್ಟ್‌ಮೆಂಟ್ ಸಂಘದ ನೀರಿನ ಸುತ್ತೋಲೆಯೊಂದು ಹೀಗಿದೆ ಎನ್ನಿ. ಮೊದಲ ಸಾಲು: ‘ನಿವಾಸಿಗಳು ಬಾಕಿ ಶುಲ್ಕವನ್ನು 10ನೇ ತಾರೀಖಿನೊಳಗೆ ಪಾವತಿಸತಕ್ಕದ್ದು.’ ಎರಡನೆಯದು: ‘ಟ್ಯಾಂಕರ್ ಲೇಟಾದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.’ ಹಳೆಯ ನಮೂನೆಗೆ ವಾಟ್ಸ್‌ಆ್ಯಪ್ ಸಂದೇಶ ಅಂಟಿಸಿದ್ದು ಎದ್ದು ಕಾಣುತ್ತದೆ.

ತಿದ್ದುವಾಗ ಮೊದಲು ವಾಕ್ಯದ ಕೊನೆಯ ಕ್ರಿಯಾಪದಗಳಿಗೆ ಗೆರೆ ಎಳೆಯಬೇಕು. ಕನ್ನಡದಲ್ಲಿ ದನಿ ಹೆಚ್ಚಾಗಿ ಜಾರುವುದು ಅಲ್ಲೇ. ಓದುವವರು ಅಕ್ಕಪಕ್ಕದವರು, ವಿಷಯ ಹಣದ್ದು. ಹಾಗಾಗಿ ನಡುವಿನ ದನಿ ಸಾಕು: ‘ನಿಮ್ಮ ಬಾಕಿಯನ್ನು 10ನೇ ತಾರೀಖಿನೊಳಗೆ ಕಟ್ಟಿ. ಟ್ಯಾಂಕರ್ ತಡವಾದರೆ ನೀರನ್ನು ಮಿತವಾಗಿ ಬಳಸಿ.’

ಆಮೇಲೆ ‘ನಿವಾಸಿಗಳು’ ಇದ್ದಲ್ಲೆಲ್ಲ ‘ನೀವು’ ಬರಬೇಕು. ಒಂದನ್ನು ಬಿಟ್ಟರೂ ಪತ್ರ ಯಾರಿಗೆ ಎಂಬ ಗೊಂದಲ.

ದಂಡದ ನಿಯಮವನ್ನು ಮಾತ್ರ ಮುಟ್ಟಬಾರದು. ಬೈಲಾದ ಮಾತನ್ನು ಸಡಿಲಿಸಿದರೆ ಅರ್ಥವೇ ಬದಲಾದೀತು. ಅದು ಉದ್ಧರಣ ಚಿಹ್ನೆಯೊಳಗೆ ಇದ್ದಂತೆಯೇ ಇರಲಿ.